ಒಂದು ಫೂಟು... ಆದ್ರೆ ಎಲ್ಲಿಂದ?

ಮಳೆಗಾಲ ಮುಗಿಯುತ್ತಿದ್ದ ಹಾಗೆ ನಮ್ಮ ಕಡೆ ಒಂದು ಚರ್ಚೆ ಶುರುವಾಗುತ್ತದೆ. ಯಾರ ಮನೆ ಸೋರಿತು, ಯಾರು ಯಾವ ಕೆಮಿಕಲ್ ಹಚ್ಚಿಸಿದರು, ಎಷ್ಟು ಡಬ್ಬಿ ಹಿಡಿಯಿತು, ಯಾವ ಕಂಪನಿ ಎಷ್ಟು ವರ್ಷ ಗ್ಯಾರಂಟಿ ಕೊಟ್ಟಿತು... ಯಾದಗಿರಿಯಿಂದ ಸುರಪುರದವರೆಗೆ ಬಸ್ಸಿನಲ್ಲಿ ಕೂತರೂ ಇದೇ ಮಾತು. ಆದರೆ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಮಾಳಿಗೆಯ ನೆಲಕ್ಕೆ ಹಾಕಿದ ಆ ವಾಟರ್‌ಪ್ರೂಫಿಂಗ್ ಪ್ಯಾರಾಪೆಟ್ ಗೋಡೆ ಮುಟ್ಟಿದ ಮೇಲೆ ಏನಾಗುತ್ತದೆ? ಅಲ್ಲೇ ನಿಲ್ಲುತ್ತದೋ, ಗೋಡೆಯ ಮೇಲೆ ಹತ್ತುತ್ತದೋ? ಹತ್ತಿದರೆ ಎಷ್ಟು ಎತ್ತರ?

ಇಂಜಿನಿಯರುಗಳು ಇದಕ್ಕೆ 'ಅಪ್‌ಟರ್ನ್' ಅಂತಾರೆ. ನಮ್ಮ ಗೌಂಡಿಗಳು ಮೂಲೆಯನ್ನು ದುಂಡಗೆ ತೀಡುವುದಕ್ಕೆ 'ಗೋಲಾ' ಅಂತಾರೆ, ಅದರ ಮೇಲೆ ಗೋಡೆಗೆ ಹತ್ತಿಸುವ ಭಾಗಕ್ಕೆ ಹೆಸರೇ ಇಲ್ಲ. "ಮ್ಯಾಲ ಸ್ವಲ್ಪ ಏರ್ಸೀವ್ರಿ" ಅಂತಾರೆ, ಅಷ್ಟೇ. ಹೆಸರಿಲ್ಲದ ಕೆಲಸಕ್ಕೆ ಅಳತೆಯೂ ಇರುವುದಿಲ್ಲ ನೋಡಿ. ನನ್ನ ಅಭಿಪ್ರಾಯ ಕೇಳಿದರೆ, ನಮ್ಮ ಮೂರೂ ಊರುಗಳಲ್ಲಿ ಸೋರುವ ಮಾಳಿಗೆಗಳಲ್ಲಿ ಬಹಳಷ್ಟು ನೆಲದಿಂದ ಸೋರುತ್ತಿಲ್ಲ. ಈ ಅಂಚಿನಿಂದ ಸೋರುತ್ತಿವೆ. ನಾವು ಮಾತ್ರ ಪ್ರತಿ ವರ್ಷ ನೆಲಕ್ಕೇ ದುಡ್ಡು ಸುರಿಯುತ್ತಿದ್ದೇವೆ.

ಮೊದಲು ಎತ್ತರದ ಮಾತು. ಕೇಂದ್ರ ಲೋಕೋಪಯೋಗಿ ಇಲಾಖೆಯ (ಸಿಪಿಡಬ್ಲ್ಯುಡಿ) ಸ್ಪೆಸಿಫಿಕೇಶನ್ ನೋಡಿದರೆ, ಇಟ್ಟಂಗಿ ತುಂಡು ಹಾಕಿ ಮಾಡುವ ಕೋಬಾ ವಾಟರ್‌ಪ್ರೂಫಿಂಗ್‌ಗೆ ಪಕ್ಕದ ಗೋಡೆಗಳ ಮೇಲೂ 300 ಮಿಲಿಮೀಟರ್, ಅಂದರೆ ಒಂದು ಫೂಟು, ಅದೇ ಟ್ರೀಟ್‌ಮೆಂಟ್ ಹತ್ತಿಸಬೇಕು, ಮೂಲೆಯನ್ನು ದುಂಡಗೆ ಮಾಡಬೇಕು ಅಂತ ಇದೆ. ಬ್ರಿಟನ್ನಿನ ಚಪ್ಪಟೆ ಮಾಳಿಗೆಗಳ ಸಂಹಿತೆ 150 ಮಿ.ಮೀ. ಅನ್ನುತ್ತದೆ, ಅಂದರೆ ಅರ್ಧ ಫೂಟು. ಅಮೆರಿಕದ ರೂಫಿಂಗ್ ಗುತ್ತಿಗೆದಾರರ ಸಂಘದವರು 8 ಇಂಚು ಅಂತಾರೆ. ಹಂಗಾದರೆ ಯಾರು ಸರಿ? ಭಾರತದವರು ಒಂದು ಫೂಟು, ಇಂಗ್ಲಿಷರು ಅರ್ಧ ಫೂಟು ಅಂದರೆ ನಮ್ಮ ಮಳೆ ಅವರ ಮಳೆಯ ಎರಡರಷ್ಟು ಎತ್ತರ ಪುಟಿಯುತ್ತದೆಯೇ? :-)

ಅಲ್ಲ. ಅಳೆಯುವ ಜಾಗ ಬೇರೆ. ಬ್ರಿಟಿಷರ ಆ ಅರ್ಧ ಫೂಟು ಲೆಕ್ಕ ಹಾಕುವುದು ಎಲ್ಲ ಕೆಲಸ ಮುಗಿದ ಮೇಲೆ ಇರುವ ನೆಲದಿಂದ. ಅಂದರೆ ನಾವು ಕಾಲಿಡುವ, ನೀರು ಹರಿಯುವ ಕೊನೆಯ ಪದರದಿಂದ. ನಮ್ಮಲ್ಲಿ ಸೈಟಿನ ಮೇಲೆ ಗೌಂಡಿ ಒಂದು ಫೂಟಿಗೆ ಗುರುತು ಹಾಕುವ ಹೊತ್ತಿಗೆ ಕೋಬಾ ಇನ್ನೂ ಬಿದ್ದಿರುವುದಿಲ್ಲ, ಕಣ್ಣೆದುರು ಇರುವುದು ಬರೀ ಸ್ಲಾಬು. ಸ್ಲಾಬಿನಿಂದಲೇ ಟೇಪು ಹಿಡಿಯುತ್ತಾನೆ. ಕಾಗದದ ಮೇಲೆ ಇಬ್ಬರದೂ ಸರಿ. ಮಾಳಿಗೆಯ ಮೇಲೆ ಹೋಗಿ ನೋಡಿದರೆ ಕಥೆ ಬೇರೆ.

ಒಂದು ಮನೆಯ ಲೆಕ್ಕ ಹೇಳುತ್ತೇನೆ. ಶಹಾಪುರದಲ್ಲಿ ನನ್ನ ಪರಿಚಯದವರೊಬ್ಬರ ಮನೆ. ಅವರು ನನಗೆ ಕಾಕಾ ಆಗಬೇಕು, ರಕ್ತಸಂಬಂಧ ಅಲ್ಲ, ಓಣಿಯ ಸಂಬಂಧ. 30 ಫೂಟು ಅಗಲ, 40 ಫೂಟು ಉದ್ದದ ಮಾಳಿಗೆ. ನೀರು ಹೋಗುವ ಪೈಪುಗಳು 40 ಫೂಟಿನ ಒಂದು ಬದಿಗೆ. ಅಂದರೆ ಇಳಿಜಾರು 30 ಫೂಟಿನ ಅಗಲಕ್ಕೆ, ಸುಮಾರು 9 ಮೀಟರಿಗೆ. ನೂರಕ್ಕೆ ಒಂದರಂತೆ ಇಳಿಜಾರು ಕೊಟ್ಟರೆ 90 ಮಿ.ಮೀ. ಆಗುತ್ತದೆ. ಪೈಪಿನ ಹತ್ತಿರ ಕೋಬಾದ ದಪ್ಪ 65 ಮಿ.ಮೀ. ಇಟ್ಟಿದ್ದರು (ಸಿಪಿಡಬ್ಲ್ಯುಡಿ ಕೂಡ ನೀರು ಹೋಗುವ ಬಾಯಿಯ ಹತ್ತಿರ ಕನಿಷ್ಠ ಇಷ್ಟೇ ಹೇಳುತ್ತದೆ). ಹಾಗಾದರೆ ಎದುರಿನ ಎತ್ತರದ ಬದಿಗೆ ದಪ್ಪ 65 ಕೂಡಿಸು 90, ಒಟ್ಟು 155.

ಗೌಂಡಿ ಮೋಸ ಮಾಡಿರಲಿಲ್ಲ. ಸ್ಲಾಬಿನಿಂದ ಪಕ್ಕಾ 300 ಮಿ.ಮೀ. ಹತ್ತಿಸಿದ್ದ. ಆದರೆ ಕೋಬಾ ಮುಗಿದ ಮೇಲೆ ಪೈಪಿನ ಬದಿಗೆ ಗೋಡೆಯ ಮೇಲೆ ಉಳಿದದ್ದು 235, ಎತ್ತರದ ಬದಿಗೆ ಉಳಿದದ್ದು 145. ಒಂದು ಫೂಟು ಅಂತ ನಾವು ನಂಬಿಕೊಂಡಿದ್ದು ಅಲ್ಲಿ ಅರ್ಧ ಫೂಟಿಗಿಂತ ಐದು ಮಿ.ಮೀ. ಕಮ್ಮಿ. ಇಲ್ಲಿಯವರೆಗೆ ಅಂಥ ತೊಂದರೆ ಏನಿಲ್ಲ.

ಮೂರು ವರ್ಷ ಬಿಟ್ಟು ಕಾಕಾ ಅವರಿಗೆ ಮಾಳಿಗೆ ಮೇಲೆ ಮೆಣಸಿನಕಾಯಿ ಒಣಹಾಕಲು, ಬ್ಯಾಸಿಗೆಯಲ್ಲಿ ಮಲಗಲು ಚೊಕ್ಕ ನೆಲ ಬೇಕೆನಿಸಿತು. ಶಾಬಾದಿ ಪರ್ಸಿ ಹಾಕಿಸಿದರು. ನಮ್ಮ ಕಡೆ ಇದು ಸಹಜ, ಕಲ್ಲು ಹತ್ತಿರದಲ್ಲೇ ಸಿಗುತ್ತದೆ, ಸೋವಿ. 25 ಮಿ.ಮೀ. ಕಲ್ಲು, ಅದರ ಕೆಳಗೆ 30 ಮಿ.ಮೀ. ಮಾಲು. ಒಟ್ಟು 55. ಈಗ ಲೆಕ್ಕ ಹಾಕಿ. ಎತ್ತರದ ಬದಿಯ 145ರಲ್ಲಿ 55 ಹೋಯಿತು, ಉಳಿದದ್ದು 90. ಮೂರೂವರೆ ಇಂಚು. ಗೋಡೆಗೆ ಯಾರೂ ಕೈ ಹಚ್ಚಲಿಲ್ಲ, ಅಪ್‌ಟರ್ನ್ ಯಾರೂ ಒಡೆಯಲಿಲ್ಲ, ಆದರೂ ಅದು ಗಿಡ್ಡ ಆಯಿತು. ನೆಲ ಮೇಲಕ್ಕೆ ಬಂತು.

ಇದು ಹೊಸದೇನಲ್ಲ. ಸುರಪುರದ ಹಳೇ ಓಣಿಗಳಲ್ಲಿ ಮಣ್ಣಿನ ಮಾಳಿಗೆ ಮನೆಗಳು ಇನ್ನೂ ಇವೆ. ಅಲ್ಲಿ ಬೆಳಕಿಂಡಿಯ ಸುತ್ತ ಒಂದು ಗೇಣು ಎತ್ತರದ ಅಂಚು ಕಟ್ಟುವುದು ವಾಡಿಕೆ, ಮಾಳಿಗೆಯ ನೀರು ಒಳಗೆ ಇಳಿಯದಿರಲಿ ಅಂತ. ವರ್ಷಾ ವರ್ಷಾ ಮಳೆಗಾಲದ ಮುಂಚೆ ಹೊಸ ಮಣ್ಣು ಹಾಕಿ ಬಡಿಯುತ್ತಾ ಹೋದರೆ ಮಾಳಿಗೆ ಏರುತ್ತದೆ, ಬೆಳಕಿಂಡಿಯ ಅಂಚು ಅಲ್ಲೇ ಇರುತ್ತದೆ. ತಿಳಿದವರು ಹಳೇ ಮಣ್ಣು ಕೆರೆದು ತೆಗೆದು ಹೊಸದು ಹಾಕಿಸುತ್ತಾರೆ. ತೂಕವೂ ಉಳಿಯಿತು, ಅಂಚೂ ಉಳಿಯಿತು. ಸಿಮೆಂಟಿನ ಮಾಳಿಗೆಗೆ ಬಂದ ಮೇಲೆ ಯಾಕೋ ನಾವು ಈ ಲೆಕ್ಕ ಮರೆತೆವು. ಹಳೆಯದರ ಮೇಲೆ ಹೊಸದು, ಅದರ ಮೇಲೆ ಬಿಸಿಲು ತಡೆಯುವ ಬಿಳಿ ಟೈಲ್ಸು, ಅದರ ಮೇಲೆ ಮತ್ತೊಂದು...

ಈಗ, ಅರ್ಧ ಫೂಟೇ ಯಾಕೆ ಬೇಕು? ಮೂರೂವರೆ ಇಂಚು ಯಾಕೆ ಸಾಲದು? ಇದನ್ನು ಎರಡು ಬದಿಗೂ ಬೇರೆ ಬೇರೆ ನೋಡಬೇಕು.

ಪೈಪಿನ ಬದಿಗೆ ಕಾರಣ ನಿಂತ ನೀರು. ಅಡ್ಡಮಳೆಗೆ ಎಲೆ, ಪ್ಲಾಸ್ಟಿಕ್ ಚೀಲ ಬಂದು ಪೈಪಿನ ಬಾಯಿ ಮುಚ್ಚಿತು ಅಂತಿಟ್ಟುಕೊಳ್ಳಿ. ಒಂದು ತಾಸಿನಲ್ಲಿ 60 ಮಿ.ಮೀ. ಮಳೆ ಸುರಿದರೆ, ಇಳಿಜಾರಿನ ಕಾರಣ ನೀರೆಲ್ಲ ಕೆಳಬದಿಗೆ ಸೇರಿ ಅಲ್ಲಿ 105 ಮಿ.ಮೀ. ನಿಲ್ಲುತ್ತದೆ, ಮೇಲಿನ ಬದಿಗೆ ಬರೀ 15. ಸರಾಸರಿ 60, ಆದರೆ ಗೋಡೆಗೆ ತಾಗುವುದು ಸರಾಸರಿ ಅಲ್ಲ. ಆ 105ರ ಮೇಲೆ ಗಾಳಿಗೆ ಏಳುವ ಅಲೆ, ಹನಿ ಸಿಡಿಯುವುದು ಸೇರಿಸಿ, 150ರ ಹತ್ತಿರ ಬಂತಲ್ಲ?

ಎತ್ತರದ ಬದಿಗೆ ನೀರು ನಿಲ್ಲುವುದಿಲ್ಲ. ಅಲ್ಲಿ ಕಾರಣ ಸಿಡಿತ. ನಂಬದಿದ್ದರೆ ಜೋರು ಮಳೆಯಾದ ಮಾರನೇ ದಿನ ಸುಣ್ಣ ಹಚ್ಚಿದ ಯಾವುದಾದರೂ ಕುಂಬಿಯ ಒಳಮುಖ ನೋಡಿ. ನೆಲದಿಂದ ಕೆಲವು ಇಂಚು ಎತ್ತರದವರೆಗೆ ಮಣ್ಣಿನ ಸಣ್ಣ ಸಣ್ಣ ಚುಕ್ಕೆಗಳ ಒಂದು ಪಟ್ಟಿ ಕಾಣುತ್ತದೆ. ಅದು ನಿಮ್ಮ ಮಾಳಿಗೆಯೇ ಬರೆದುಕೊಟ್ಟ ಅಳತೆ. ಅಪ್‌ಟರ್ನಿನ ಮೇಲಂಚು ಆ ಪಟ್ಟಿಯ ಒಳಗೆ ಬಂದರೆ, ಮಳೆ ಬಂದಾಗಲೆಲ್ಲ ಆ ಅಂಚಿಗೇ ನೀರು ಗುರಿಯಿಟ್ಟು ಹೊಡೆದ ಹಾಗೆ. ನುಣ್ಣನೆಯ ಪರ್ಸಿಯಂಥ ಗಟ್ಟಿ ನೆಲದ ಮೇಲೆ ಹನಿ ಇನ್ನೂ ಚೆನ್ನಾಗಿ ಪುಟಿಯುತ್ತದೆ. ಕಾಕಾ ಅವರ ಮನೆಯಲ್ಲಿ ನೆಲ ಏರಿದ್ದಷ್ಟೇ ಅಲ್ಲ, ಸಿಡಿತವೂ ಜಾಸ್ತಿಯಾಯಿತು.

ಸುರಪುರದಲ್ಲಿ ಇನ್ನೊಂದು ಸಂಗತಿ ಇದೆ. ಊರು ಗುಡ್ಡಗಳ ನಡುವೆ, ಗುಡ್ಡದ ಓರೆಯಲ್ಲಿ ಇರುವುದರಿಂದ ಎತ್ತರದ ಮನೆಗಳಿಗೆ ಗಾಳಿ ಜೋರು. ಮುಂಗಾರಿನ ಗಾಳಿ ಪಶ್ಚಿಮದ ಕಡೆಯಿಂದ. ಎಲ್ಲರೂ ಪಶ್ಚಿಮದ ಕುಂಬಿಯ ಹೊರಮುಖಕ್ಕೆ ಬಣ್ಣ ಬಳಿಸುತ್ತಾರೆ. ಆದರೆ ಓರೆಯಾಗಿ ಬರುವ ಮಳೆ ಆ ಕುಂಬಿಯನ್ನು ದಾಟಿ ಬಂದು ಹೊಡೆಯುವುದು ಪೂರ್ವದ ಕುಂಬಿಯ ಒಳಮುಖಕ್ಕೆ! ನೀರು ಆ ಗಿಲಾವಿನ ಮೇಲೆ ಹರಿದು ನೇರವಾಗಿ ಅಪ್‌ಟರ್ನಿನ ಮೇಲಂಚಿಗೆ ಬರುತ್ತದೆ. ಒಂದೇ ಬದಿಗೆ ದುಡ್ಡು ಹಾಕುವಷ್ಟೇ ಶಕ್ತಿ ಇದ್ದರೆ ನಾನು ಪೂರ್ವದ ಬದಿಗೇ ಹಾಕು ಅಂತೀನಿ.

ಮೇಲಂಚು ಅಂದೆ. ಎತ್ತರದಷ್ಟೇ, ಒಂದು ರೀತಿಯಲ್ಲಿ ಎತ್ತರಕ್ಕಿಂತಲೂ ಮುಖ್ಯವಾದದ್ದು ಅದು. ನೀರು ಯಾವಾಗಲೂ ಕೆಳಗಿನಿಂದ ಏರಿ ಅಪ್‌ಟರ್ನ್ ದಾಟುತ್ತದೆ ಅಂದುಕೊಳ್ಳುತ್ತೇವೆ. ಹೆಚ್ಚಿನ ಸಲ ಅದು ಮೇಲಿನಿಂದ ಬರುತ್ತದೆ. ಕುಂಬಿಯ ತಲೆಯ ಮೇಲೆ ಬಿದ್ದ ಮಳೆ ಬಿರುಕಿನಲ್ಲಿ ಇಳಿದು, ಇಟ್ಟಂಗಿಯ ಒಳಗೇ ಕೆಳಗೆ ಬಂದು, ಅಪ್‌ಟರ್ನಿನ ಹಿಂಬದಿಯಿಂದ ಸ್ಲಾಬು ಮುಟ್ಟುತ್ತದೆ. ಅಷ್ಟರಲ್ಲಿ ಅದು ವಾಟರ್‌ಪ್ರೂಫಿಂಗಿನ ಕೆಳಗೆ ಇದೆ. ನಿಮ್ಮ ಕೆಮಿಕಲ್ ಈಗ ಆ ನೀರನ್ನು ಹೊರಗೆ ಹೋಗದ ಹಾಗೆ ಕಾಯುತ್ತಿದೆ! ಅದಕ್ಕೇ ಅಪ್‌ಟರ್ನಿನ ಮೇಲಂಚು ಗೋಡೆಯ ಒಳಗೆ ಹೋಗಿ ಮುಗಿಯಬೇಕು. ಗೋಡೆಯಲ್ಲಿ ಉದ್ದಕ್ಕೂ ಒಂದು ಗ್ರೂವ್ ಕತ್ತರಿಸಿ, ಲೇಪನವನ್ನು ಅದರೊಳಗೆ ಮಡಚಿ, ಅದರ ಬಾಯಿಗೆ ಸೀಲೆಂಟ್ ತುಂಬಿ, ಮೇಲಿನ ಗಿಲಾವು ಅದರ ಮೇಲೆ ಸ್ವಲ್ಪ ಮುಂದೆ ಚಾಚುವ ಹಾಗೆ ಮಾಡಬೇಕು. ಗಿಲಾವಿನ ಮೇಲೆ ಹರಿದು ಬಂದ ನೀರು ಅಲ್ಲಿಂದ ಅಪ್‌ಟರ್ನಿನ ಮುಂದೆ ತೊಟ್ಟಿಕ್ಕಬೇಕು, ಹಿಂದೆ ಅಲ್ಲ. ಕುಂಬಿಯ ತಲೆಗೂ ಒಳಮುಖವಾಗಿ ಇಳಿಜಾರಿರುವ ಕೋಪಿಂಗ್ ಬೇಕು, ಅಂಚು ಗೋಡೆಯಿಂದ ಒಂದು ಇಂಚಾದರೂ ಹೊರಗೆ ಇರಬೇಕು, ಕೆಳಗೆ ನೀರು ಕಡಿಯುವ ಗೆರೆ ಬೇಕು.

ಒಂದು ಎಚ್ಚರಿಕೆ. ನಮ್ಮಲ್ಲಿ ಕುಂಬಿ ಅಂದರೆ ಹೆಚ್ಚಾಗಿ ನಾಲ್ಕೂವರೆ ಇಂಚಿನ ಒಂಟಿ ಇಟ್ಟಂಗಿ. ದಪ್ಪ ಗೋಡೆಗೆ ಹೇಳಿದ ಮೂರು ಇಂಚಿನ ಗ್ರೂವನ್ನು ಅದರಲ್ಲಿ ಹೊಡೆದರೆ ಕುಂಬಿಯೇ ಸಡಿಲಾಗುತ್ತದೆ. ಅಲ್ಲಿ ಮುಕ್ಕಾಲು ಇಂಚು ಆಳ ಸಾಕು, ಅದೂ ಕಟ್ಟರ್ ಮಷೀನಿನಿಂದ, ಉಳಿ ಸುತ್ತಿಗೆಯಿಂದ ಅಲ್ಲ. ಕಲ್ಲಿನ ಕುಂಬಿ ಇದ್ದರೆ ಕಲ್ಲು ಕಡಿಯುವ ಗೋಜಿಗೆ ಹೋಗದೆ ಅಡ್ಡ ಸಂದಿಯ ಮಾಲನ್ನೇ ಕೆರೆದು ಅದರೊಳಗೆ ಸೇರಿಸಬಹುದು.

ಇನ್ನು ಮೂಲೆ ಯಾಕೆ ಬಿರಿಯುತ್ತದೆ? ಮಳೆಯಿಂದಲ್ಲ, ಬಿಸಿಲಿನಿಂದ. ಯಾದಗಿರಿಯ ಮೇ ತಿಂಗಳ ಬಿಸಿಲು ಹೊಸಬರಿಗೆ ಹೇಳಿ ಪ್ರಯೋಜನವಿಲ್ಲ, ಬಂದು ನಿಂತು ನೋಡಬೇಕು. ಕಾಂಕ್ರೀಟು ಒಂದು ಡಿಗ್ರಿ ಬಿಸಿಗೆ ತನ್ನ ಉದ್ದದ ಲಕ್ಷದಲ್ಲಿ ಒಂದು ಪಾಲಿನಷ್ಟು ಹಿಗ್ಗುತ್ತದೆ. 40 ಫೂಟಿನ, ಅಂದರೆ 12 ಮೀಟರಿನ ಸ್ಲಾಬು ಮಧ್ಯಾಹ್ನಕ್ಕೂ ಬೆಳಗಿನ ಜಾವಕ್ಕೂ 25 ಡಿಗ್ರಿ ಏರಿಳಿದರೆ 3 ಮಿ.ಮೀ. ಹಿಗ್ಗಿ ಕುಗ್ಗುತ್ತದೆ. ಅದರ ಮೇಲೆ ಕೂತ ಇಟ್ಟಂಗಿ ಕುಂಬಿ ಅದೇ ತಾಳಕ್ಕೆ ಹಿಗ್ಗುವುದಿಲ್ಲ. ಎರಡರ ಜಗಳ ನಡೆಯುವುದು ಅವು ಸೇರುವ ಗೆರೆಯಲ್ಲಿ. ದಿನಾ ಒಂದು ಸಲ ಎಳೆದು, ಒಂದು ಸಲ ಒತ್ತಿ... ಮಳೆಗಾಲ ಬರುವಷ್ಟರಲ್ಲಿ ಕೂದಲೆಳೆಯ ಬಿರುಕು ತಯಾರು. ಬರೀ ಸಿಮೆಂಟಿನ ಅಪ್‌ಟರ್ನ್ ಎಷ್ಟೇ ಎತ್ತರ ಇದ್ದರೂ ಈ ಬಿರುಕು ಅದರ ಬುಡದಲ್ಲೇ ಬರುತ್ತದೆ. ಅದಕ್ಕೇ ಮೂಲೆಗೆ ಮೊದಲು ಗೋಲಾ, ಅದರ ಮೇಲೆ ಬಾಗುವ ಗುಣವಿರುವ ಲೇಪನ, ನಡುವೆ ಫೈಬರ್ ಜಾಳಿಗೆ. ಗೋಲಾ ಚೆಂದಕ್ಕಲ್ಲ. ನೇರ ಮೂಲೆಯಲ್ಲಿ ಲೇಪನ ಮಡಚಿದರೆ ಹಿಗ್ಗುವ ಎಲ್ಲ ಕೆಲಸ ಒಂದೇ ಗೆರೆಯ ಮೇಲೆ ಬಿದ್ದು ಹರಿಯುತ್ತದೆ, ದುಂಡಗಿದ್ದರೆ ಎರಡು ಮೂರು ಇಂಚಿಗೆ ಹಂಚಿಹೋಗುತ್ತದೆ.

ಹೊಸ ಮನೆ ಕಟ್ಟಿಸುವವರಿಗೆ ಇನ್ನೂ ಒಳ್ಳೆಯ ದಾರಿ ಇದೆ. ಸ್ಲಾಬು ಹಾಕುವಾಗಲೇ ಅಂಚಿನಲ್ಲಿ ಸುತ್ತಲೂ ಒಂದು ಫೂಟು ಎತ್ತರದ ಕಾಂಕ್ರೀಟ್ ಪಟ್ಟಿ ಎಬ್ಬಿಸಿ, ಅದರ ಮೇಲೆ ಕುಂಬಿ ಕಟ್ಟಿ. ಆಗ ಸ್ಲಾಬಿಗೂ ಇಟ್ಟಂಗಿಗೂ ನಡುವಿನ ಜಗಳದ ಗೆರೆ ನೀರಿನ ಮಟ್ಟದಿಂದ ಮೇಲೆ ಹೋಯಿತು. ಸೆಂಟ್ರಿಂಗ್‌ನವರು ಗೊಣಗುತ್ತಾರೆ, ಗೊಣಗಲಿ.

ಕಾಕಾ ಅವರ ಮನೆಗೆ ವಾಪಸ್ ಬರೋಣ. ಪರ್ಸಿ ಹಾಕಿಸಿದ ಮುಂದಿನ ಮಳೆಗಾಲಕ್ಕೆ ಎತ್ತರದ ಬದಿಯ ಮಲಗುವ ಕೋಣೆಯಲ್ಲಿ, ಗೋಡೆಯೂ ಸೀಲಿಂಗೂ ಸೇರುವ ಗೆರೆಗುಂಟ, ತೇವ ಕಾಣಿಸಿತು. ಕಂದು ಗೆರೆ, ಅದರ ಕೆಳಗೆ ಬಣ್ಣ ಉಬ್ಬಿ ಬಿಳೀ ಉಪ್ಪು. ಸೀಲಿಂಗಿನ ನಡುವೆ ಒಂದು ಚುಕ್ಕೆಯೂ ಇಲ್ಲ. ಇದೇ ಮೊದಲ ಸುಳಿವು. ನೆಲ ಸೋರಿದರೆ ಕಲೆ ಎಲ್ಲಿ ಬೇಕಾದರೂ ಬರಬಹುದು, ಗೋಡೆಯ ಗೆರೆ ಹಿಡಿದೇ ಬರುತ್ತಿದ್ದರೆ ಮೊದಲು ಅಂಚನ್ನು ಸಂಶಯಪಡಬೇಕು. ಆದರೆ ಬಂದ ಗುತ್ತಿಗೆದಾರ ಪರ್ಸಿಯ ಸಂದಿಗಳಿಗೆಲ್ಲ ಕೆಮಿಕಲ್ ತುಂಬಿಸಿದ. ಮುಂದಿನ ವರ್ಷ ಮತ್ತೆ ಸೋರಿತು, ಮತ್ತೊಬ್ಬ ಬಂದು ಇಡೀ ನೆಲಕ್ಕೆ ಬಿಳಿ ಲೇಪನ ಬಳಿದ. ಮೂರನೇ ವರ್ಷವೂ ಅದೇ ಗೆರೆ.

ನಾವು ಮಾಡಿದ್ದು ಇಷ್ಟು. ಒಂದು ವಾರ ಮಳೆ ಬಿಟ್ಟಾಗ ಪೈಪಿನ ಬಾಯಿಗಳನ್ನು ಮುಚ್ಚಿ, ಎತ್ತರದ ಬದಿಯೂ ತೋಯುವ ಹಾಗೆ ನೀರು ತುಂಬಿಸಿದೆವು. ಕೆಳಬದಿಗೆ 90 ಮಿ.ಮೀ. ಬಂತು, ಸುಮಾರು 5000 ಲೀಟರ್, ಒಂದು ಟ್ಯಾಂಕರ್. (ಇದಕ್ಕಿಂತ ಆಳ ತುಂಬಿಸುವ ಮುನ್ನ ಸ್ಲಾಬಿನ ತಾಕತ್ತು ಯೋಚಿಸಿ. 90 ಮಿ.ಮೀ. ನೀರು ಅಂದರೆ ಚದರ ಮೀಟರಿಗೆ 90 ಕೆ.ಜಿ. ಭಾರ. ಓಡಾಡುವ ಮಾಳಿಗೆಗೆ ಸಾಮಾನ್ಯವಾಗಿ ಲೆಕ್ಕ ಹಾಕುವುದು 150 ಕೆ.ಜಿ.) ಮೂರು ದಿನ ಬಿಟ್ಟೆವು. ಕೋಣೆಯಲ್ಲಿ ಒಂದು ಹನಿ ಇಲ್ಲ. ಕಾಕಾ ಅಂದರು,

"ನೋಡಪ್ಪಾ, ಸೋರಂಗೇ ಇಲ್ಲಲ್ಲ. ಮತ್ತ ಮಳಿ ಬಂದಾಗ ಯಾಕ ಸೋರ್ತದ?"

ಬಹಳ ಒಳ್ಳೆಯ ಪ್ರಶ್ನೆ. ನೀರು ನಿಲ್ಲಿಸಿ ನೋಡುವ ಪರೀಕ್ಷೆ ನೆಲವನ್ನು ಪರೀಕ್ಷಿಸುತ್ತದೆ. ನೀರು ಮುಟ್ಟದ ಎತ್ತರದಲ್ಲಿ ಏನಿದೆ ಅನ್ನುವುದು ಅದಕ್ಕೆ ಗೊತ್ತೇ ಆಗುವುದಿಲ್ಲ. ಗುತ್ತಿಗೆದಾರರು "ನೀರು ನಿಲ್ಸಿ ತೋರ್ಸೀನ್ರಿ" ಅಂತ ಬಿಲ್ಲು ಪಾಸು ಮಾಡಿಸಿಕೊಂಡು ಹೋಗುವುದು ಇಲ್ಲೇ. ಅವರು ಸುಳ್ಳು ಹೇಳುತ್ತಿಲ್ಲ, ಆದರೆ ಅಪ್‌ಟರ್ನಿನ ಪರೀಕ್ಷೆಯನ್ನು ಯಾರೂ ಮಾಡಿಲ್ಲ.

ನೀರು ಬಿಟ್ಟು, ಎರಡು ದಿನ ಒಣಗಿಸಿ, ಎತ್ತರದ ಬದಿಯ ಕುಂಬಿಯ ಒಳಮುಖಕ್ಕೆ ಹೂದೋಟದ ಪೈಪು ಹಿಡಿದೆವು. ಕೆಳಗಿನಿಂದ ಶುರು. ಮೊದಲು ನೆಲದಿಂದ ಮೂರು ಇಂಚಿನವರೆಗೆ ಒಂದು ತಾಸು. ಏನೂ ಇಲ್ಲ. ಆಮೇಲೆ ಆರು ಇಂಚಿನವರೆಗೆ. ಮೇಲಿನಿಂದ ಶುರು ಮಾಡಿದರೆ ನೀರು ಇಡೀ ಗೋಡೆ ತೋಯಿಸಿಬಿಡುತ್ತದೆ, ಎಲ್ಲಿ ಹೊಕ್ಕಿತು ಅನ್ನುವುದು ತಿಳಿಯುವುದಿಲ್ಲ. ಆರು ಇಂಚಿಗೆ ಹಿಡಿದ ಮೇಲೆ ಸಂಜೆಯಷ್ಟರಲ್ಲಿ ಕೋಣೆಯ ಗೆರೆ ಹಸಿಯಾಯಿತು. ಮಾಳಿಗೆ ಮೇಲೆ ಹೋಗಿ ಕೈ ಆಡಿಸಿದರೆ, ಪರ್ಸಿಯಿಂದ ಸರಿಯಾಗಿ 90 ಮಿ.ಮೀ. ಮೇಲೆ ಗಿಲಾವಿನಲ್ಲಿ ಉದ್ದಕ್ಕೂ ಕೂದಲೆಳೆಯ ಗೆರೆ. ಹಳೇ ಅಪ್‌ಟರ್ನ್ ಮುಗಿದು ಮೇಲಿನ ಗಿಲಾವು ಶುರುವಾಗುವ ಜಾಗ. ಬೆರಳಿನಿಂದ ಬಡಿದರೆ ಡಬ್ ಡಬ್ ಅಂತ ಟೊಳ್ಳು ಸದ್ದು. ಗ್ರೂವ್ ಇಲ್ಲ, ಏನಿಲ್ಲ, ಎರಡು ಗಿಲಾವುಗಳನ್ನು ತಲೆಗೆ ತಲೆ ಹಚ್ಚಿ ನಿಲ್ಲಿಸಿದ್ದರು.

ಎತ್ತರ 235 ಉಳಿದಿದ್ದಾಗ, 145 ಉಳಿದಿದ್ದಾಗ ಕೂಡ ಆ ಗೆರೆ ಅಲ್ಲೇ ಇತ್ತು, ಆದರೆ ಸಿಡಿತಕ್ಕೆ ಅಷ್ಟಾಗಿ ಸಿಗುತ್ತಿರಲಿಲ್ಲ. ಎತ್ತರ ಅನ್ನುವುದು ಕೆಟ್ಟ ಮುಗಿತಾಯವನ್ನು ಸ್ವಲ್ಪ ವರ್ಷ ಮುಚ್ಚಿಡುತ್ತದೆ. ಪರ್ಸಿ ಬಂದು ಆ ಮುಚ್ಚಳ ತೆಗೆಯಿತು.

ರಿಪೇರಿ ಬರೀ ಆ 40 ಫೂಟಿನ ಬದಿಗೆ ಮಾಡಿದೆವು. ಗೋಡೆಗೆ ಹತ್ತಿದ ಮೊದಲ ಸಾಲು ಪರ್ಸಿ ಪೂರ್ತಿ ಎಬ್ಬಿಸಬೇಕಾಯಿತು. ಕಾಕಾ ಅವರಿಗೆ ಇದು ಇಷ್ಟವಿರಲಿಲ್ಲ. ಗೋಡೆಯ ಮೇಲಿಂದ ಪರ್ಸಿಯವರೆಗೆ ಲೇಪನ ತಂದು ನಿಲ್ಲಿಸಿದರೆ ಸಾಲದೇ ಅಂದರು. ಸಾಲದು. ಪರ್ಸಿ ವಾಟರ್‌ಪ್ರೂಫಿಂಗ್ ಅಲ್ಲ, ಅದರ ಸಂದಿಯಿಂದ ನೀರು ಇಳಿಯುತ್ತದೆ. ಅದನ್ನು ತಡೆಯುತ್ತಿರುವುದು ಕೆಳಗಿನ ಕೋಬಾ. ಗೋಡೆಯಿಂದ ಇಳಿದ ಹೊಸ ಲೇಪನ ಆ ಕೋಬಾದ ಮೇಲೆ ಅರ್ಧ ಫೂಟಾದರೂ ಹರಡಿ ಕೂಡಬೇಕು. ಕೂಡದಿದ್ದರೆ ಗೋಡೆಗೊಂದು ಕೊಡೆ, ನೆಲಕ್ಕೊಂದು ಕೊಡೆ, ನಡುವೆ ತೂತು.

ಗೋಡೆಯ ಹಳೇ ಗಿಲಾವನ್ನು ಪರ್ಸಿಯ ಮಟ್ಟದಿಂದ ಒಂದು ಫೂಟು ಎತ್ತರದವರೆಗೆ ಇಟ್ಟಂಗಿ ಕಾಣುವ ತನಕ ಕೆತ್ತಿಸಿದೆವು. ಟೊಳ್ಳು ಗಿಲಾವಿನ ಮೇಲೆ ಎಂಥ ದುಬಾರಿ ಕೆಮಿಕಲ್ ಬಳಿದರೂ ನೀರು ಗಿಲಾವಿನ ಹಿಂದೆಯೇ ಇಳಿಯುತ್ತದೆ. ತೆಳ್ಳಗೆ ಹೊಸ ಗಿಲಾವು, ಮೂಲೆಗೆ ಎರಡು ಇಂಚಿನ ಗೋಲಾ, ವಾರ ಕ್ಯೂರಿಂಗು. ಒಣಗಿದ ಮೇಲೆ ಪುಡಿ ಮತ್ತು ದ್ರವ ಕಲಸಿ ಹಚ್ಚುವ ಪಾಲಿಮರ್ ಸಿಮೆಂಟ್ ಲೇಪನ ಎರಡು ಕೋಟು, ಮೊದಲನೆಯದು ಹಸಿ ಇರುವಾಗಲೇ ಗೋಲಾದ ಮೇಲೆ ಫೈಬರ್ ಜಾಳಿಗೆ. ಎತ್ತರ ಪರ್ಸಿಯಿಂದ 200 ಮಿ.ಮೀ. ಇಟ್ಟೆವು. 150 ಸಾಕಾಗಿತ್ತು, ಆದರೆ ಕಾಕಾ ಅವರ ಸ್ವಭಾವ ಗೊತ್ತಲ್ಲ, ನಾಲ್ಕು ವರ್ಷಕ್ಕೆ ಮತ್ತೊಂದು ಪದರ ಹಾಕಿಸುವವರೇ! ಆ ಎರಡು ಇಂಚು ಅದಕ್ಕೆ. ಮೇಲೆ ಮುಕ್ಕಾಲು ಇಂಚಿನ ಗ್ರೂವ್, ಸೀಲೆಂಟ್, ಮುಂದೆ ಚಾಚಿದ ಗಿಲಾವು. ಪರ್ಸಿ ವಾಪಸ್ ಇಡುವಾಗ ಗೋಡೆಗೆ ಒತ್ತಿಸದೆ ಅರ್ಧ ಇಂಚು ಸಂದಿ ಬಿಟ್ಟು ಅದಕ್ಕೂ ಸೀಲೆಂಟ್ ತುಂಬಿದೆವು. ಬಿಸಿಲಿಗೆ ಕಲ್ಲು ಹಿಗ್ಗಿ ಗೋಲಾವನ್ನು ಒದ್ದರೆ ಮಾಡಿದ್ದೆಲ್ಲ ಹೋಯಿತು. ಆಮೇಲೆ ಮತ್ತೆ ಪೈಪು ಹಿಡಿದು ಅದೇ ಪರೀಕ್ಷೆ, ಕೆಳಗಿನಿಂದ ಮೇಲೆ. ಹೋದ ಮಳೆಗಾಲದಲ್ಲಿ ಗೆರೆ ಬರಲಿಲ್ಲ. ಹಳೇ ಉಪ್ಪು ಮಾತ್ರ ಒಣಗುವವರೆಗೆ ಸ್ವಲ್ಪ ಉದುರಿತು, ಅದನ್ನು ಸೋರಿಕೆ ಅಂತ ಗಾಬರಿಯಾಗಬೇಕಿಲ್ಲ.

ಇಷ್ಟೆಲ್ಲ ಹೇಳಿದರೂ ಅರ್ಧ ಫೂಟು ಸಿಗದ ಒಂದು ಜಾಗ ಪ್ರತಿ ಮನೆಯಲ್ಲೂ ಇದೆ. ಮಾಳಿಗೆಗೆ ಹೋಗುವ ಮೆಟ್ಟಿಲ ಕೋಣೆಯ ಬಾಗಿಲು. ಯಾದಗಿರಿಯ ಹೊಸ ಬಡಾವಣೆಗಳಲ್ಲಿ ನಾನು ನೋಡಿದ ಮಟ್ಟಿಗೆ ಇದೇ ಎಲ್ಲರೂ ಸೋಲುವ ಜಾಗ. ಸುತ್ತಲೂ ಅಚ್ಚುಕಟ್ಟಾಗಿ ಒಂದು ಫೂಟು ಹತ್ತಿಸಿ, ಬಾಗಿಲ ಹೊಸ್ತಿಲ ಹತ್ತಿರ ಒಂದು ಇಂಚಿಗೆ ಮುಗಿಸಿರುತ್ತಾರೆ. ನೀರಿಗೆ ಸರಾಸರಿ ಗೊತ್ತಿಲ್ಲ, ಎಲ್ಲಕ್ಕಿಂತ ತಗ್ಗಿನ ಜಾಗವಷ್ಟೇ ಗೊತ್ತು. ಇಡೀ ಮಾಳಿಗೆಯ ಅಪ್‌ಟರ್ನಿನ ನಿಜವಾದ ಎತ್ತರ ಅಂದರೆ ಆ ಹೊಸ್ತಿಲಿನ ಎತ್ತರ.

ಹೊಸ್ತಿಲನ್ನು ಕೊನೆಯ ನೆಲದಿಂದ ಆರು ಇಂಚು ಎಬ್ಬಿಸುವುದು ಸರಿಯಾದ ದಾರಿ. ಹೊರಗೊಂದು ಮೆಟ್ಟಿಲು, ಒಳಗೊಂದು ಮೆಟ್ಟಿಲು. ಆದರೆ ಮನೆಯಲ್ಲಿ ವಯಸ್ಸಾದವರಿದ್ದರೆ, ಕಾಳಿನ ಚೀಲ ಹೊತ್ತು ಓಡಾಡುವವರಿದ್ದರೆ ಎಲ್ಲರೂ ಬೇಡ ಅಂತಾರೆ. ಅವರ ಮಾತೂ ಸರಿ. ಹಾಗಿದ್ದರೆ ಬಾಗಿಲನ್ನು ಎತ್ತರದ ಬದಿಗೆ ಇಡಿ, ಪೈಪಿನ ಬದಿಗೆ ಅಲ್ಲ. ಪೈಪಿನ ಬದಿಯ ಕುಂಬಿಯಲ್ಲಿ ನೆಲದಿಂದ ಎರಡು ಇಂಚು ಮೇಲೆ ಒಂದು ಓವರ್‌ಫ್ಲೋ ಪೈಪು ಬಿಡಿ, ನಾಲ್ಕು ಇಂಚಿನದು. ಅದರ ಸುತ್ತಲೂ ಲೇಪನ ಒಳಗಿನವರೆಗೆ ಹೋಗಬೇಕು. ಕೆಳಗಿನ ಬಾಯಿ ಕಟ್ಟಿಕೊಂಡರೆ ನೀರು ಎರಡು ಇಂಚಿಗೆ ಏರಿ ಅಲ್ಲಿಂದ ಬೀದಿಗೆ ಬೀಳುತ್ತದೆ. ಬೀದಿಗೆ ಬಿದ್ದಾಗ ಪಕ್ಕದ ಮನೆಯವರು ಬಂದು ಜಗಳ ತೆಗೆಯುತ್ತಾರೆ, ಆಗ ನಿಮಗೆ ಬಾಯಿ ಕಟ್ಟಿದ್ದು ಗೊತ್ತಾಗುತ್ತದೆ. ಅದಕ್ಕಿಂತ ಒಳ್ಳೆಯ ಅಲಾರಂ ಇಲ್ಲ.

ಮುಂದೆ ಮೇಲ್ಮನೆ ಕಟ್ಟುತ್ತೇವೆ ಅಂತ ಪಿಲ್ಲರಿನ ರಾಡುಗಳನ್ನು ಹಾಗೇ ಬಿಟ್ಟಿರುತ್ತೀರಲ್ಲ, ಅವುಗಳ ಬುಡಕ್ಕೂ ಇದೇ ನ್ಯಾಯ. ರಾಡಿಗೆ ಲೇಪನ ಹತ್ತಿಸಿದರೆ ನಿಲ್ಲುವುದಿಲ್ಲ. ಸುತ್ತ ಒಂದು ಫೂಟು ಎತ್ತರ ಕಾಂಕ್ರೀಟಿನ ಗಡ್ಡೆ ಎಬ್ಬಿಸಿ, ಅದಕ್ಕೆ ಹತ್ತಿಸಿ.

2020ರ ಅಕ್ಟೋಬರಿನ ಮಳೆ ನೆನಪಿದೆಯಲ್ಲ? ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ನಮ್ಮ ಮೇಲೆ ಬಂದು, ಭೀಮಾ ನದಿ ಉಕ್ಕಿದ ಆ ವಾರ. ಅಂಥ ಜಡಿಮಳೆಗೆ ಕುಂಬಿಯ ಇಟ್ಟಂಗಿ ಹೊಟ್ಟೆತುಂಬ ನೀರು ಕುಡಿಯುತ್ತದೆ, ಮಳೆ ನಿಂತ ಮೇಲೂ ಕೆಳಗಿಳಿಸುತ್ತಿರುತ್ತದೆ. ಮಳೆ ಬರುವಾಗಲೇ ತೊಟ್ಟಿಕ್ಕಿದರೆ ನೆಲವನ್ನೋ ಪೈಪನ್ನೋ ನೋಡಿ. ಮಳೆ ನಿಂತ ಮಾರನೇ ದಿನ ತೇವ ಶುರುವಾಗಿ ಮೂರು ನಾಲ್ಕು ದಿನ ಹಾಗೇ ಇದ್ದರೆ ಕುಂಬಿಯ ತಲೆಯನ್ನೂ ಅಪ್‌ಟರ್ನಿನ ಹಿಂಬದಿಯನ್ನೂ ನೋಡಿ. ನೂರಕ್ಕೆ ನೂರು ಸರಿ ಹೋಗುವ ಸೂತ್ರ ಅಲ್ಲ ಇದು, ಆದರೆ ಎಲ್ಲಿಂದ ಪೈಪು ಹಿಡಿಯಲು ಶುರು ಮಾಡಬೇಕು ಅನ್ನುವುದನ್ನು ಹೇಳುತ್ತದೆ.

ಮುಂದಿನ ಸಲ ಗೌಂಡಿ "ಒಂದು ಫೂಟ್ ಏರ್ಸೀನ್ರಿ ಸರ" ಅಂದರೆ ಜಗಳ ಮಾಡಬೇಡಿ. ಟೇಪು ಅವನ ಕೈಗೇ ಕೊಟ್ಟು, ನೆಲಕ್ಕೆ ಇನ್ನೂ ಏನೇನು ಹಾಕಿಸುವ ಆಸೆ ಇದೆಯೋ ಅಷ್ಟನ್ನೂ ಬಾಯಿಬಿಟ್ಟು ಹೇಳಿ, ಪೈಪಿನಿಂದ ಎಲ್ಲಕ್ಕಿಂತ ದೂರದ ಮೂಲೆಯಲ್ಲಿ ನಿಂತು ಅಳೆಸಿ. ಅಲ್ಲಿ ಆರು ಇಂಚು ಉಳಿಯುವಷ್ಟು ಸ್ಲಾಬಿನಿಂದ ಎಷ್ಟು ಬೇಕೋ ಅಷ್ಟು. ಕಾಕಾ ಅವರ ಮನೆಗೆ ಅದು 360 ಮಿ.ಮೀ. ಬರುತ್ತಿತ್ತು, ಒಂದು ಫೂಟಿಗಿಂತ ಎರಡೂವರೆ ಇಂಚಿನಷ್ಟು ಜಾಸ್ತಿ.

ಅಂದ ಹಾಗೆ, ನಿಮ್ಮ ಕಡೆ ಗೋಡೆಗೆ ಹತ್ತಿಸುವ ಈ ಭಾಗಕ್ಕೆ ಏನಂತ ಕರೀತಾರೆ? ಮಲೆನಾಡು, ಕರಾವಳಿಯ ಬ್ಲಾಗಿಗರು, ಹಂಚಿನ ಮನೆಯವರಾದರೂ ಪರವಾಗಿಲ್ಲ, ಒಂದು ಕನ್ನಡದ ಹೆಸರು ಗೊತ್ತಿದ್ದರೆ ತಿಳಿಸಿ. ಗೌಂಡಿಗೆ ಹೇಳಲು ಬೇಕಾಗಿದೆ.